ಬೇಲಿಗೆ ಮುಂಚೆ ಬಾಂದು ಕಲ್ಲು

ಹೊಲಕ್ಕೆ ಬೇಲಿ ಹಾಕಿಸಲು ಹೊರಟವರು ಸಾಮಾನ್ಯವಾಗಿ ಕಲ್ಲುಕಂಬದ ದರ ವಿಚಾರಿಸುತ್ತಾರೆ, ಮುಳ್ಳುತಂತಿಯ ಲೆಕ್ಕ ಹಾಕುತ್ತಾರೆ. ಗಡಿ ಎಲ್ಲಿದೆ ಎಂದು ಕೇಳಿದರೆ ಬದುವಿನತ್ತ ಕೈ ತೋರಿಸುತ್ತಾರೆ. ಆದರೆ ಬದು ಒಂದೇ ಕಡೆ ನಿಲ್ಲುವುದಿಲ್ಲ. ಪ್ರತಿ ಉಳುಮೆಗೂ ಒಂದು ಕಡೆಯಿಂದ ಸವೆಯುತ್ತದೆ, ಮಳೆಗೆ ಕುಸಿದದ್ದನ್ನು ಮತ್ತೆ ಕಟ್ಟುವಾಗ ಅಷ್ಟಿಷ್ಟು ಸರಿಯುತ್ತದೆ. ಮೂಲ ಅಳತೆ ಇರುವುದು ಸರ್ವೆ ಇಲಾಖೆಯ ಟಿಪ್ಪಣಿಯಲ್ಲಿ. ಆ ಅಳತೆಯಂತೆ ನೆಲದ ಮೇಲೆ ಗಡಿ ಗುರುತಿಸಿ ಕಲ್ಲು ನೆಡಿಸುವ ಕೆಲಸಕ್ಕೆ ಕರ್ನಾಟಕದಲ್ಲಿ ಹದ್ದುಬಸ್ತು ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಪಹಣಿಯಲ್ಲಿ 1 ಎಕರೆ 20 ಗುಂಟೆ ಇರುವ ಆಯತಾಕಾರದ ಹೊಲ. ಟಿಪ್ಪಣಿಯ ಪ್ರಕಾರ ಅಗಲ 6 ಸರಪಳಿ, ಉದ್ದ 10 ಸರಪಳಿ. ಇಲ್ಲಿನ ಸರ್ವೆ ಸರಪಳಿ ಎಂದರೆ 33 ಅಡಿ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಹಾಗಾಗಿ ಅಗಲ 198 ಅಡಿ, ಉದ್ದ 330 ಅಡಿ, ಒಟ್ಟು 60 ಗುಂಟೆ. ಮಾಲೀಕರು ಟೇಪು ಹಿಡಿದು ಬದುವಿನಿಂದ ಬದುವಿಗೆ ಅಳೆದರೆ ಅಗಲ 204 ಅಡಿ ಬಂತು ಎಂದುಕೊಳ್ಳಿ. ಆರು ಅಡಿ ಸಣ್ಣದೆನಿಸಬಹುದು. ಅದೇ ಆರು ಅಡಿ 330 ಅಡಿ ಉದ್ದಕ್ಕೂ ಇದ್ದರೆ 1980 ಚದರ ಅಡಿ, ಅಂದರೆ ಎರಡು ಗುಂಟೆಗೆ ತುಸು ಕಡಿಮೆ.

ಈ ಹೆಚ್ಚುವರಿ ಜಾಗ ಪೂರ್ವದವರದೋ ಪಶ್ಚಿಮದವರದೋ ಎಂಬುದು ಆ ಹೊಲವೊಂದನ್ನೇ ಎಷ್ಟು ಸಲ ಅಳೆದರೂ ತಿಳಿಯದು. ಅದಕ್ಕೇ ಅನುಭವವಿರುವ ಭೂಮಾಪಕರು ನಿಮ್ಮ ಮೂಲೆಯಿಂದ ಅಳತೆ ಶುರುಮಾಡುವುದಿಲ್ಲ. ಎರಡು ಮೂರು ಸರ್ವೆ ನಂಬರುಗಳು ಸೇರುವ ಕಡೆ, ಅಲುಗದೆ ಉಳಿದಿರುವ ಹಳೆಯ ಬಾಂದು ಕಲ್ಲನ್ನು ಮೊದಲು ಹುಡುಕುತ್ತಾರೆ. ಅಂಥ ಇನ್ನೊಂದು ಕಲ್ಲಿಗೆ ಅಳೆದು, ಟಿಪ್ಪಣಿಗೆ ತಾಳೆಯಾದ ಮೇಲೆ ನಿಮ್ಮ ಗಡಿಗೆ ಬರುತ್ತಾರೆ. ನಮ್ಮ ಉದಾಹರಣೆಯಲ್ಲಿ ಪೂರ್ವದ ಬದು ಸರಿಯಾಗಿತ್ತು, ಪಶ್ಚಿಮದ್ದು ಆರು ಅಡಿ ಆಚೆ ಹೋಗಿತ್ತು ಎಂದು ಹೀಗೆ ಗೊತ್ತಾಗುತ್ತದೆ. ಈಗ ಬಳಕೆಗೆ ಬಂದಿರುವ ರೋವರ್ ಉಪಕರಣ ಬಿಂದುಗಳನ್ನು ಬಹಳ ನಿಖರವಾಗಿ ಗುರುತಿಸುತ್ತದೆ, ನಿಜ. ಆದರೆ ಯಾವ ಬಿಂದುವಿನಿಂದ ಹೊರಡಬೇಕು ಎಂಬುದನ್ನು ಹಳೆಯ ದಾಖಲೆ, ಹಳೆಯ ಕಲ್ಲುಗಳಿಂದಲೇ ತೀರ್ಮಾನಿಸಬೇಕು.

ಪಶ್ಚಿಮದ ಬಾಜುದಾರರು ಆ ಹೊತ್ತಿನಲ್ಲಿ ಅಲ್ಲಿ ನಿಂತಿದ್ದರೆ ಎಲ್ಲವನ್ನೂ ಕಣ್ಣಾರೆ ನೋಡಿರುತ್ತಾರೆ. ಇಲ್ಲದಿದ್ದರೆ, ಸರಿಯಾಗಿ ನೆಟ್ಟ ಕಲ್ಲನ್ನೂ ಮರುದಿನ ಅನುಮಾನದಿಂದ ನೋಡುತ್ತಾರೆ. ಅರ್ಜಿಯಲ್ಲಿ ನಾಲ್ಕೂ ದಿಕ್ಕಿನ ಖಾತೆದಾರರ ಹೆಸರು, ವಿಳಾಸ ಸರಿಯಾಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅಳತೆಯ ದಿನದ ನೋಟಿಸು ಅವರಿಗೆ ಹೋಗಬೇಕು. ತೊಡಕಾಗುವುದು ಹೆಚ್ಚಾಗಿ ಇಲ್ಲೇ. ಪಕ್ಕದ ಪಹಣಿ ತೀರಿಕೊಂಡವರ ಹೆಸರಿನಲ್ಲೇ ಇರುತ್ತದೆ, ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಅಂಥವರ ವಾರಸುದಾರರನ್ನು ಹುಡುಕಿ ನೀವೇ ಮೊದಲು ತಿಳಿಸುವುದು ಒಳ್ಳೆಯದು.

ಅರ್ಜಿಯನ್ನು ನಾಡಕಚೇರಿಯಲ್ಲಿ ಅಥವಾ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ ಶುಲ್ಕ ಕಟ್ಟಿ ಸಲ್ಲಿಸಬೇಕು. ಪರವಾನಗಿ ಪಡೆದ ಭೂಮಾಪಕರನ್ನು ಖಾಸಗಿಯಾಗಿ ಕರೆಸಿ ಅಳೆಸಿದ್ದಕ್ಕೆ ಇಲಾಖೆಯ ಹದ್ದುಬಸ್ತಿನ ಬೆಲೆ ಬರುವುದಿಲ್ಲ; ಕೆಲಸ ಇಲಾಖೆಯಿಂದಲೇ ಅವರಿಗೆ ವಹಿಸಿ ಬಂದಿರಬೇಕು. ಭೂಮಾಪಕರಿಗೆ ಕೊಡುವ ಮನವಿ ಇಷ್ಟಿದ್ದರೆ ಸಾಕು: “ನಮ್ಮ ಜಮೀನಿಗೆ ಬೇಲಿ ಹಾಕಿಸಬೇಕಾಗಿದೆ. ಅದಕ್ಕೆ ಮುಂಚೆ ನಾಲ್ಕೂ ಕಡೆಯ ಗಡಿ ಅಳೆದು ಗುರುತಿಸಿಕೊಡಬೇಕಾಗಿ ವಿನಂತಿ. ಈಗ ಬೆಳೆ ಇಲ್ಲ. ಬಾಜುದಾರರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೇವೆ. ನೋಟಿಸು ತಲುಪಿದ ಮೇಲೆ ಅವರ ಎದುರಿನಲ್ಲೇ ಅಳತೆ ನಡೆಸಬೇಕು.” ಬೆಳೆಯ ವಿಷಯ ಬರೆಯಲು ಕಾರಣವಿದೆ. ಎದೆಯೆತ್ತರದ ಜೋಳದ ನಡುವೆ ಗೆರೆ ಎಳೆಯಲಾಗದು.

ನೋಟಿಸು ಹೋಗುತ್ತದಲ್ಲ ಎಂದು ಸುಮ್ಮನಿರಬಾರದು. ಅಂಚೆಯವನು ಸರ್ವೆ ನೋಟಿಸು ತಂದುಕೊಟ್ಟರೆ ಹಳ್ಳಿಯಲ್ಲಿ ಅದನ್ನು ಜಗಳದ ಕರೆ ಎಂದೇ ತಿಳಿಯುತ್ತಾರೆ. ಅದಕ್ಕೆ ಮುಂಚೆ ಮನೆಗೆ ಹೋಗಿ, “ಅಣ್ಣ, ಬೇಲಿ ಹಾಕ್ಸೋಣ ಅಂತಿದೀನಿ. ಸರ್ವೆಯವರು ಬರ್ತಾರೆ, ನೀವೂ ಬಂದು ನಿಂತ್ಕೊಳಿ. ನಿಮ್ಮ ಹತ್ರ ಹಳೇ ಕಾಗದ ಇದ್ರೆ ತನ್ನಿ” ಎಂದರೆ ಅಳತೆ ಇಬ್ಬರದೂ ಆಗುತ್ತದೆ. ಹಳೆಯ ಕಲ್ಲು ಎಲ್ಲಿ ಹೂತಿದೆ ಎಂಬುದು ಎಷ್ಟೋ ಸಲ ಗೊತ್ತಿರುವುದು ಬಾಜುದಾರರ ಮನೆಯ ಹಿರಿಯರಿಗೇ.

ಹದ್ದುಬಸ್ತಿಗೆ ಮಿತಿಗಳಿವೆ. ಒಂದೇ ಪಹಣಿಯಲ್ಲಿ ಹಲವರ ಹೆಸರಿದ್ದು ಪೋಡಿ ಆಗಿರದಿದ್ದರೆ, ನಿಮ್ಮ ಪಾಲಿನ ಗಡಿ ದಾಖಲೆಯಲ್ಲೇ ಇರುವುದಿಲ್ಲ; ಮೊದಲು ಪೋಡಿ ಮಾಡಿಸಬೇಕು. ಒತ್ತುವರಿ ಕಂಡುಬಂದರೂ ಭೂಮಾಪಕರು ತೋರಿಸಬಲ್ಲರೇ ಹೊರತು ಬಿಡಿಸಿಕೊಡಲಾರರು. ಒಪ್ಪದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಬಾಜುದಾರರು ಸಹಿ ಹಾಕದಿದ್ದರೆ ಒತ್ತಾಯ ಬೇಡ, ಅವರ ತಕರಾರು ಮಹಜರಿನಲ್ಲಿ ದಾಖಲಾಗಲಿ.

ಕಲ್ಲು ನೆಟ್ಟ ಮೇಲೆ ಬೇಲಿಯ ಕಂಬಗಳನ್ನು ಗೆರೆಯ ಮೇಲೆ ಹೂಳದೆ, ಒಂದಡಿ ನಿಮ್ಮ ಒಳಗೇ ಹೂಳಿ. ಕಂಬದ ಗುಂಡಿ ತೋಡುವಾಗ ಬಾಂದು ಕಲ್ಲು ಅಲುಗುವುದಿಲ್ಲ. ಮುಂದೆ ಯಾರಾದರೂ ಅಳೆಯಲು ಬಂದಾಗಲೂ ಅದು ಬೇಲಿಯ ಹೊರಗೆ, ಎರಡೂ ಕಡೆಯವರಿಗೆ ಕಾಣುವಂತೆ ಇರುತ್ತದೆ.