ಕೈಗವಸಿಗೆ ಕೈಯ ಅಳತೆ

ಕೆಲಸದ ಕೈಗವಸಿನ ಮೇಲೆ 7, 8, 9 ಎಂದು ಅಚ್ಚಾಗಿರುವ ಅಂಕೆ ಅಂಗೈಯ ಸುತ್ತಳತೆಯನ್ನು ಇಂಚಿನಲ್ಲಿ ಹೇಳುತ್ತದೆ. ಯುರೋಪಿನಲ್ಲಿ ಹಿಂದೆ ಜಾರಿಯಲ್ಲಿದ್ದ ಇಎನ್ 420 ಮಾನದಂಡದ ಪಟ್ಟಿಯಲ್ಲಿ 8ನೇ ಸೈಜು 203 ಮಿ.ಮೀ. ಸುತ್ತಳತೆಯ, 182 ಮಿ.ಮೀ. ಉದ್ದದ ಕೈಗೆ, 9ನೇ ಸೈಜು 229 ಸುತ್ತಳತೆಯ, 192 ಉದ್ದದ ಕೈಗೆ. ಸೈಜು ಒಂದು ಏರಿದರೆ ಸುತ್ತಳತೆ ಒಂದಿಂಚು ಏರುತ್ತದೆ, ಉದ್ದ ಏರುವುದು ಸುಮಾರು ಒಂದು ಸೆಂ.ಮೀ. ಮಾತ್ರ.

ಅಳೆಯಲು ದರ್ಜಿಯ ಟೇಪು ಸಾಕು. ಅದಿಲ್ಲದಿದ್ದರೆ ದಾರ ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲೆ ಹಿಡಿಯಬಹುದು. ಹೆಚ್ಚು ಕೆಲಸ ಮಾಡುವ ಕೈಯನ್ನೇ ಅಳೆಯಬೇಕು, ಏಕೆಂದರೆ ಸಾಮಾನ್ಯವಾಗಿ ಅದು ತುಸು ದಪ್ಪಗಿರುತ್ತದೆ. ಕೈಯನ್ನು ಬಿಚ್ಚಿ, ಬೆರಳುಗಳನ್ನು ಜೋಡಿಸಿಟ್ಟು, ಹೆಬ್ಬೆರಳನ್ನು ಹೊರಗೆ ಬಿಟ್ಟು, ಗೆಣ್ಣುಗಳ ಬಳಿ ಅಂಗೈ ಅತಿ ಅಗಲವಾಗಿರುವಲ್ಲಿ ಟೇಪನ್ನು ಸುತ್ತಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಉದ್ದವನ್ನು ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯಬೇಕು. ಉಗುರು ಬೆಳೆದಿದ್ದರೆ ಅದನ್ನು ಬಿಟ್ಟು ಬೆರಳಿನ ತುದಿಯನ್ನೇ ಹಿಡಿಯಬೇಕು.

ತಪ್ಪು ಹೆಚ್ಚಾಗಿ ನಡೆಯುವುದು ಅಗಲದ ಲೆಕ್ಕದಲ್ಲಿ. ಅಂಗೈ ಮೇಲೆ ಸ್ಕೇಲಿಟ್ಟು, ಬಂದ ಅಗಲವನ್ನು ಎರಡರಷ್ಟು ಮಾಡಿ ಅದೇ ಸುತ್ತಳತೆ ಎಂದುಕೊಳ್ಳುವುದುಂಟು. 85 ಮಿ.ಮೀ. ಅಗಲದ ಅಂಗೈಗೆ ಈ ಲೆಕ್ಕದಲ್ಲಿ 170 ಬರುತ್ತದೆ, 7ನೇ ಸೈಜು ಸಾಕೆನಿಸುತ್ತದೆ. ಅದೇ ಕೈಗೆ ಟೇಪು ಸುತ್ತಿದರೆ 200ರ ಆಸುಪಾಸು ಬರುತ್ತದೆ, ಅಂದರೆ 8ನೇ ಸೈಜು. ಅಂಗೈಗೆ ದಪ್ಪವೂ ಇದೆ ಎಂಬುದನ್ನು ಸ್ಕೇಲು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಬಳಸುವ ರಬ್ಬರ್ ಗ್ಲೌಸಿನ ವಿವರದಲ್ಲಿ ಕಾಣುವ ಅಗಲವೂ ಕೈಯದಲ್ಲ, ಗ್ಲೌಸನ್ನು ಚಪ್ಪಟೆಯಾಗಿ ಹಾಸಿದಾಗಿನ ಅಗಲ. ಸರ್ಜರಿಯ 7ನೇ ಸೈಜಿಗೆ ಅದು ಸುಮಾರು 89 ಮಿ.ಮೀ.; ಎರಡರಷ್ಟಾದರೆ 178, ಅಂದರೆ ಏಳಿಂಚು.

ಸುತ್ತಳತೆ ಒಂದು ಸೈಜನ್ನೂ ಉದ್ದ ಇನ್ನೊಂದನ್ನೂ ತೋರಿಸುವ ಕೈಗಳೂ ಇವೆ. 205 ಸುತ್ತಳತೆ, 190 ಉದ್ದದ ಒಂದು ಕೈಯನ್ನು ತೆಗೆದುಕೊಳ್ಳೋಣ. ಸುತ್ತಳತೆ 8 ಎನ್ನುತ್ತದೆ, ಉದ್ದ ಹೆಚ್ಚುಕಡಿಮೆ 9. ಇಲ್ಲಿ 8 ಕೊಂಡರೆ ಬೆರಳ ತುದಿಗಳು ಗವಸಿಗೆ ಒತ್ತುತ್ತವೆ, ಬೆರಳುಗಳ ನಡುವಿನ ಸಂದಿಗೆ ಬಟ್ಟೆ ಇಳಿಯುವುದೇ ಇಲ್ಲ, ಪ್ರತಿ ಹಿಡಿತದಲ್ಲೂ ಬಟ್ಟೆಯನ್ನು ಎಳೆಯುವ ಶ್ರಮ ಸೇರಿ ಕೈ ಬೇಗ ಸೋಲುತ್ತದೆ. ಹಾಗಾಗಿ 9 ಕೊಳ್ಳುವುದೇ ಸರಿ. ಅಂಗೈ ತುಸು ಸಡಿಲವಾದರೂ ಹೆಣೆದ ಗವಸಾದರೆ ಮಣಿಕಟ್ಟಿನ ಎಲಾಸ್ಟಿಕ್ ಅದನ್ನು ಹಿಡಿದಿಡುತ್ತದೆ. ಅಗಲವಾದ, ಗಿಡ್ಡ ಬೆರಳಿನ ಕೈಯ ಪಾಡು ಇದಕ್ಕಿಂತ ಕಷ್ಟ. ಸುತ್ತಳತೆಗೆ ತಕ್ಕ ಗವಸು ಹಾಕಿದರೆ ತುದಿಗಳು ಖಾಲಿ ಉಳಿದು ಸಣ್ಣ ಸ್ಕ್ರೂ ಹಿಡಿಯಲಾಗುವುದಿಲ್ಲ. ಅಂಥವರು ಚೆನ್ನಾಗಿ ಹಿಗ್ಗುವ ಹೆಣಿಗೆಯ, ಒಂದು ಸೈಜು ಕಡಿಮೆಯ ಗವಸನ್ನು ಹಾಕಿ ನೋಡಬಹುದು. ಹಿಗ್ಗದ ದಪ್ಪ ಚರ್ಮದ ಗವಸಿನಲ್ಲಿ ಈ ದಾರಿ ನಡೆಯದು.

ಹಾಕಿದ ಮೇಲೆ ಮುಷ್ಟಿ ಕಟ್ಟಿ ನೋಡಬೇಕು. ಹಿಂಗೈ ಮೇಲೆ ಬಿಗಿತ ಕಂಡರೆ ಗವಸು ಚಿಕ್ಕದು. ಅಂಗೈಯಲ್ಲಿ ಬಟ್ಟೆ ಮಡಿಕೆಯಾಗಿ ನಿಂತರೆ ದೊಡ್ಡದು. ಸಡಿಲ ತುದಿ ಯಂತ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ತಿರುಗುವ ಡ್ರಿಲ್ ಅಥವಾ ಲೇತ್ ಮುಂದೆ ಮಾತ್ರ ಸರಿಯಾದ ಸೈಜಿನ ಗವಸನ್ನೂ ಕಳಚಿಡಬೇಕು.