ಸಂಬಳ ಕೇಳಿದವಳು ‘ಜೋರು’ ಅನ್ನಿಸಿಕೊಳ್ಳುವುದೇಕೆ?

ಲಿಂಡಾ ಬ್ಯಾಬ್‌ಕಾಕ್ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕಿ. ಒಮ್ಮೆ ಅವರ ಬಳಿ ಕೆಲವು ಸಂಶೋಧನಾ ವಿದ್ಯಾರ್ಥಿನಿಯರು ದೂರು ತಂದರು. ಜೊತೆಯ ಹುಡುಗರಿಗೆ ಸ್ವತಂತ್ರವಾಗಿ ಪಾಠ ಮಾಡುವ ಅವಕಾಶ ಸಿಕ್ಕಿತ್ತು. ಇವರಿಗೆ ಮಾತ್ರ ಬೋಧನಾ ಸಹಾಯಕರ ಕೆಲಸ. ವಿಚಾರಿಸಿದಾಗ ಆಡಳಿತದಿಂದ ಬಂದ ಉತ್ತರ ಇಷ್ಟೇ: ಹುಡುಗರು ಬಂದು ಕೇಳಿದರು, ಹುಡುಗಿಯರು ಕೇಳಲಿಲ್ಲ.

ಬ್ಯಾಬ್‌ಕಾಕ್ ಆ ಉತ್ತರವನ್ನು ಅಲ್ಲಿಗೇ ಬಿಡಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೆಲಸಕ್ಕೆ ಸೇರಿದವರನ್ನು ಗಮನಿಸಿದರು. ಕಂಪನಿ ಹೇಳಿದ ಸಂಬಳಕ್ಕಿಂತ ಹೆಚ್ಚು ಕೇಳಿದವರು ಗಂಡಸರಲ್ಲಿ ಶೇ. 57, ಹೆಂಗಸರಲ್ಲಿ ಶೇ. 7 ಮಾತ್ರ. ಹಾಗಾದರೆ ಹೆಂಗಸರು ಧೈರ್ಯ ಮಾಡಿ ಬಾಯಿಬಿಟ್ಟರೆ ಸಾಕೇ? ಹಲವರು ಹಾಗೆಯೇ ಅಂದುಕೊಂಡರು. ಆದರೆ ಕೇಳಿದವಳಿಗೆ ಆಮೇಲೆ ಏನಾಗುತ್ತದೆ ಎಂಬುದನ್ನೂ ನೋಡಬೇಕಿತ್ತು.

ಹಾನಾ ರೈಲಿ ಬೋಲ್ಸ್ ಮತ್ತು ಲೇ ಲೈ ಜೊತೆ ಸೇರಿ ಬ್ಯಾಬ್‌ಕಾಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳು ನೋಡಿದ್ದು ಇದನ್ನೇ. ತರಬೇತಿ ಮುಗಿಸಿ ಮ್ಯಾನೇಜರ್ ಹುದ್ದೆಗೆ ಬರುವ ಅಭ್ಯರ್ಥಿಯ ಸಂದರ್ಶನವನ್ನು ಜನರ ಮುಂದಿಟ್ಟು, ಇವರ ಜೊತೆ ಕೆಲಸ ಮಾಡಲು ನಿಮಗೆ ಇಷ್ಟವೇ ಎಂದು ಕೇಳಿದರು. ಕೆಲವು ಅಭ್ಯರ್ಥಿಗಳು ಕೊಟ್ಟ ಸಂಬಳಕ್ಕೆ ಒಪ್ಪುತ್ತಿದ್ದರು. ಇನ್ನು ಕೆಲವರು, ಈ ಹುದ್ದೆಯ ವೇತನಶ್ರೇಣಿಯ ಗರಿಷ್ಠ ಸಂಬಳ ತಮಗೆ ಸಿಗಬೇಕು, ವರ್ಷದ ಕೊನೆಯ ಬೋನಸ್ಸೂ ಬೇಕು ಎನ್ನುತ್ತಿದ್ದರು. ಗಂಡಾಗಲಿ ಹೆಣ್ಣಾಗಲಿ, ಆಡಿದ ಮಾತು ಒಂದೇ. ಆದರೂ ಮೌಲ್ಯಮಾಪಕರು ಗಂಡಸರಾಗಿದ್ದಾಗ, ಹೆಚ್ಚು ಕೇಳಿದ ಹೆಣ್ಣಿಗೆ ಗಂಡಿಗಿಂತ ಹೆಚ್ಚಿನ ಪೆಟ್ಟು ಬಿತ್ತು. ವಿಡಿಯೊ ನೋಡಿದ ಮಹಿಳಾ ಮೌಲ್ಯಮಾಪಕರು, ಕೇಳಿದವರು ಯಾರೇ ಆಗಿರಲಿ, ಇಬ್ಬರ ಬಗ್ಗೆಯೂ ಹಿಂಜರಿದರು.

ಕಾರಣ ಸಾಮರ್ಥ್ಯದ ಮೇಲಿನ ಅನುಮಾನವಲ್ಲ. ಹಾಗೆ ಕೇಳಿದವಳು ಒಳ್ಳೆಯ ಸ್ವಭಾವದವಳಲ್ಲ, ಹಟಮಾರಿ ಅನ್ನಿಸಿದ್ದೇ ಕಾರಣ. ಹೆಣ್ಣೆಂದರೆ ಹೊಂದಿಕೊಂಡು ಹೋಗುವವಳು, ಇತರರ ಯೋಗಕ್ಷೇಮ ನೋಡುವವಳು ಎಂಬ ನಿರೀಕ್ಷೆ ನಮ್ಮೊಳಗೆ ಬೇರುಬಿಟ್ಟಿದೆ. ತನಗಾಗಿ ಕೇಳಿದ ಕ್ಷಣ ಅವಳು ಅದನ್ನು ಮುರಿದಂತಾಗುತ್ತದೆ. ಎಮಿಲಿ ಅಮನತುಲ್ಲಾ ಮತ್ತು ಮೈಕೆಲ್ ಮಾರಿಸ್ ಅವರ 2010ರ ಅಧ್ಯಯನ ಇದನ್ನು ಇನ್ನೊಂದು ಬದಿಯಿಂದ ತೋರಿಸಿತು. ತಮ್ಮ ಸಂಬಳಕ್ಕೆ ಅಳುಕುತ್ತ ಕಡಿಮೆ ಕೇಳಿದ ಹೆಂಗಸರು, ಗೆಳೆಯರ ಪರವಾಗಿ ಮಾತಾಡುವಾಗ ಗಂಡಸರಷ್ಟೇ ಗಟ್ಟಿಯಾಗಿ ಕೇಳಿದರು. ಚೌಕಾಸಿ ಅವರಿಗೆ ಬರುತ್ತಿತ್ತು. ಅದಕ್ಕೆ ತೆರಬೇಕಾದ ಬೆಲೆಯೂ ಗೊತ್ತಿತ್ತು.

ಹಾಗಾದರೆ ದಾರಿ? 2013ರಲ್ಲಿ ಬೋಲ್ಸ್ ಮತ್ತು ಬ್ಯಾಬ್‌ಕಾಕ್ ಬೇರೆ ಬೇರೆ ಮಾತಿನ ಧಾಟಿಗಳನ್ನು ಪರೀಕ್ಷಿಸಿದರು. ಸಂಬಂಧ ಉಳಿಸುವ ಮಾತು ಹಣ ತರಲಿಲ್ಲ, ಹಣ ತಂದ ಮಾತು ಸಂಬಂಧ ಉಳಿಸಲಿಲ್ಲ. ಎರಡೂ ದಕ್ಕಿದ್ದು, ಕೇಳಿಕೆಗೆ ಒಪ್ಪುವಂಥ ಕಾರಣ ಕೊಟ್ಟು, ಆ ಕಾರಣದಲ್ಲೇ ಸಂಸ್ಥೆಯ ಬಗೆಗಿನ ಕಾಳಜಿಯನ್ನೂ ತೋರಿಸಿದಾಗ. ಒಂದು ಧಾಟಿಯಲ್ಲಿ ಅಭ್ಯರ್ಥಿ, ಸಂಬಳದ ವಿಷಯ ನಿಮ್ಮ ಜೊತೆ ಮಾತಾಡುವಂತೆ ನನ್ನ ತಂಡದ ನಾಯಕರೇ ಹೇಳಿದರು ಎಂದು ಶುರುಮಾಡಿದಳು. ಇನ್ನೊಂದರಲ್ಲಿ, ಹೀಗೆ ಮಾತುಕತೆ ನಡೆಸುವ ಕೌಶಲ ಈ ಕೆಲಸಕ್ಕೂ ಬೇಕಾದದ್ದೇ ಎಂದಳು. ಕೇಳಿದ ಮೊತ್ತ ಕಡಿಮೆಯಾಗಲಿಲ್ಲ. ಅವಳ ಬಗ್ಗೆ ಅಸಮಾಧಾನವೂ ಹುಟ್ಟಲಿಲ್ಲ.

ಈ ವಾಕ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಪ್ರಯೋಜನವಿಲ್ಲ. ಮೇಲಿನವರು ನಿಜಕ್ಕೂ ಹೇಳಿರದಿದ್ದರೆ ಮೊದಲನೆಯದು ಸುಳ್ಳಾಗುತ್ತದೆ. ಖರೀದಿ ವಿಭಾಗಕ್ಕೆ ಸೇರುವವಳು ಎರಡನೆಯದನ್ನು ಸಹಜವಾಗಿ ಹೇಳಬಹುದು: “ನಾಳೆ ಕಂಪನಿ ಪರವಾಗಿ ದರ ಮಾತಾಡುವವಳು ನಾನೇ ಅಲ್ಲವೇ ಸರ್, ಅದಕ್ಕೇ ಇವತ್ತು ಇದನ್ನೂ ಮಾತಾಡುತ್ತಿದ್ದೇನೆ.” ಲ್ಯಾಬ್ ಕೆಲಸದವಳ ಬಾಯಲ್ಲಿ ಅದೇ ಮಾತು ಒಗ್ಗುವುದಿಲ್ಲ, ಅವಳು ತನ್ನ ಕೆಲಸದಿಂದಲೇ ಕಾರಣ ಹುಡುಕಬೇಕು. ಇವು ಅಮೆರಿಕದವರ ಮೇಲೆ ನಡೆದ ಪ್ರಯೋಗಗಳು ಎಂಬುದೂ ನೆನಪಿರಲಿ.

ಗಂಡಸಿಗೆ ಬೇಕಿಲ್ಲದ ಈ ಕಸರತ್ತು ಹೆಣ್ಣಿಗೆ ಮಾತ್ರ ಏಕೆ? ನನ್ನ ಮಟ್ಟಿಗೆ ಇದು ನ್ಯಾಯವಲ್ಲ, ಅನ್ಯಾಯದ ನಡುವೆ ಸದ್ಯಕ್ಕೊಂದು ಉಪಾಯ. ಹೆಣ್ಣೇ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಈಗ ನಿಲ್ಲುವುದಿಲ್ಲ. ಅಮೆರಿಕದ ಹೆಸರಾಂತ ಸಂಸ್ಥೆಯೊಂದರ ಎಂಬಿಎ ಪದವೀಧರರ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಚ್ಚು ಸಂಬಳಕ್ಕೆ ಮಾತಾಡಿದವರು ಹೆಂಗಸರಲ್ಲಿ ಶೇ. 54, ಗಂಡಸರಲ್ಲಿ ಶೇ. 44. ಆದರೂ ಸಂಬಳದ ಅಂತರ ಉಳಿದೇ ಇತ್ತು.

ಕೆಲಸ ಕೊಡುವವರು ಮಾಡಬಹುದಾದದ್ದು ಇದಕ್ಕಿಂತ ಸುಲಭ. ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ಸುಮಾರು 2,500 ಉದ್ಯೋಗಾಕಾಂಕ್ಷಿಗಳ ನಡುವೆ ನಿಜವಾದ ಉದ್ಯೋಗ ಜಾಹೀರಾತುಗಳನ್ನೇ ಬಳಸಿ ಪರೀಕ್ಷೆ ನಡೆಸಿದರು. ಸಂಬಳದ ಮಾತುಕತೆಗೆ ಅವಕಾಶವಿದೆಯೋ ಇಲ್ಲವೋ ಎಂದು ಜಾಹೀರಾತು ಹೇಳದಿದ್ದಾಗ ಗಂಡಸರೇ ಹೆಚ್ಚಾಗಿ ಕೇಳಿದರು. ಮಾತುಕತೆಗೆ ಅವಕಾಶವಿದೆ ಎಂದು ಸ್ಪಷ್ಟವಾಗಿ ಬರೆದಾಗ ಆ ವ್ಯತ್ಯಾಸ ಮಾಯವಾಯಿತು. ನಿಯಮವೇ ಕೇಳಬಹುದು ಎಂದಮೇಲೆ, ಕೇಳುವುದು ಸೊಕ್ಕಾಗಿ ಕಾಣುವುದಿಲ್ಲ. ಆ ಒಂದು ಸಾಲು ಬರೆಯಲು ಕಂಪನಿಗೆ ಖರ್ಚೇನೂ ಇಲ್ಲ. ಬರೆಯದೆ ಬಿಟ್ಟಲ್ಲಿ ಆ ಖರ್ಚನ್ನು ಹೊರುತ್ತಿರುವವಳು ಹೆಣ್ಣು.