ದೃಶ್ಯ ನಾಲ್ಕು, ಹಿಟ್ಟಿನ ಮಿಲ್ಲು

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಕಿರುಚಿತ್ರಕ್ಕೆ ಚಿತ್ರಕಥೆ ಬರೆಯಲು ಕೂತವರಿಗೆ ಮೊದಲ ತೊಡಕು ಎದುರಾಗುವುದು ಇಲ್ಲೇ. ಹಾಲಿವುಡ್‌ನಲ್ಲಿ ರೂಢಿಗೆ ಬಂದು ಈಗ ಬಹುಪಾಲು ಕಡೆ ಬಳಕೆಯಲ್ಲಿರುವ ಚಿತ್ರಕಥೆಯ ವಿನ್ಯಾಸ ದೊಡ್ಡಕ್ಷರಗಳನ್ನೇ ನಂಬಿಕೊಂಡಿದೆ. ದೃಶ್ಯದ ತಲೆಬರಹವೂ ಮಾತಾಡುವವರ ಹೆಸರೂ ದೊಡ್ಡಕ್ಷರದಲ್ಲಿರುತ್ತವೆ. ಉಳಿದದ್ದು ಸಾಧಾರಣ ಅಕ್ಷರದಲ್ಲಿ. ಪುಟವನ್ನು ನೋಡಿದ ಕೂಡಲೇ ಯಾವುದು ಜಾಗ, ಯಾವುದು ಕ್ರಿಯೆ, ಯಾವುದು ಮಾತು ಎಂದು ಕಣ್ಣಿಗೆ ತಿಳಿಯುತ್ತದೆ. ಅದೇ ಪುಟವನ್ನು ಕನ್ನಡದಲ್ಲಿ ಬರೆದರೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ಇದಕ್ಕೆ ಸರಳವಾದ ಪರಿಹಾರವೊಂದಿದೆ. 2012ರಲ್ಲಿ ಬಂದ ಫೌಂಟನ್ ಎಂಬ ಬರವಣಿಗೆಯ ಪದ್ಧತಿಯಲ್ಲಿ ಚಿತ್ರಕಥೆಯನ್ನು ಯಾವ ಅಲಂಕಾರವೂ ಇಲ್ಲದ ಸಾದಾ ಪಠ್ಯವಾಗಿ ಬರೆಯಬಹುದು. ಮೊಬೈಲಿನ ನೋಟ್ಸ್ ಆ್ಯಪ್‌ನಲ್ಲಿ ಬರೆದರೂ ನಡೆಯುತ್ತದೆ. ಆಮೇಲೆ ಫೌಂಟನ್ ಓದಬಲ್ಲ ತಂತ್ರಾಂಶ ಅದನ್ನು ಪುಟವಾಗಿ ಜೋಡಿಸುತ್ತದೆ. ಇಂಗ್ಲಿಷಿನಲ್ಲಾದರೆ ಅದು ದೊಡ್ಡಕ್ಷರ ನೋಡಿ ಹೆಸರನ್ನು ಗುರುತಿಸುತ್ತದೆ. ಕನ್ನಡದಲ್ಲಿ ಆ ಕೆಲಸಕ್ಕೆ ನಾವೇ ಎರಡು ಚಿಹ್ನೆ ಹಾಕಬೇಕು. ತಲೆಬರಹದ ಮೊದಲು ಒಂದು ಚುಕ್ಕಿ, ಪಾತ್ರದ ಹೆಸರಿನ ಮೊದಲು `@`. ಒಂದು ಕಲ್ಪಿತ ದೃಶ್ಯ ನೋಡಿ:

```
.ಒಳಾಂಗಣ. ಹಿಟ್ಟಿನ ಮಿಲ್ಲು - ಬೆಳಿಗ್ಗೆ #4#

ಗೋಡೆಗೆ ಒರಗಿಸಿದ ಚೀಲಗಳ ಸಾಲು. ನಡುವೆ ಒಂದು
ಚೀಲದ ಜಾಗ ಖಾಲಿ. ಮೇಲೆ ಹಲಗೆ: "ಸಾಲ ಕೇಳಬೇಡಿ".
ರಂಗಮ್ಮ (60) ಖಾಲಿ ಜಾಗವನ್ನೇ ನೋಡುತ್ತಾಳೆ.

@ರಂಗಮ್ಮ
ಎಲ್ಲಪ್ಪಾ ಸಿದ್ದಪ್ಪ, ನನ್ ರಾಗಿ ಚೀಲ?

@ಸಿದ್ದಪ್ಪ
(ತಲೆ ಎತ್ತದೆ)
ನಿನ್ನೆ ಸಾಯಂಕಾಲ ಬಂದು ಎತ್ಕೊಂಡೋಗಿದ್ದು
ನಿಮ್ಮ ಮಗನೇ ಕಣವ್ವ.

ಸೆರಗಿನ ಗಂಟು ಬಿಚ್ಚುತ್ತಿದ್ದ ರಂಗಮ್ಮನ ಕೈ ನಿಲ್ಲುತ್ತದೆ.
```

ಚಿಹ್ನೆ ಮರೆತರೆ ತಂತ್ರಾಂಶ ಹೆಸರನ್ನೂ ಮಾತನ್ನೂ ಕ್ರಿಯೆಯ ಸಾಲೆಂದು ಎಡಕ್ಕೆ ತಳ್ಳಬಹುದು, ಇಲ್ಲವೇ ಯಾವುದೋ ಸಾಲನ್ನು ಪಾತ್ರದ ಹೆಸರೆಂದು ತಿಳಿಯಬಹುದು. ತಂತ್ರಾಂಶ ಪಾತ್ರಗಳ ಪಟ್ಟಿ ತೋರಿಸುವುದಾದರೆ ಅದನ್ನೊಮ್ಮೆ ತೆರೆದು ನೋಡಿ. ಪಟ್ಟಿ ಖಾಲಿಯಿದ್ದರೆ, ಅಥವಾ ಅದರಲ್ಲಿ ‘ಗೋಡೆಗೆ ಒರಗಿಸಿದ’ ಎಂಬ ಪಾತ್ರವಿದ್ದರೆ, ಎಲ್ಲೋ ಚಿಹ್ನೆ ತಪ್ಪಿದೆ ಎಂದರ್ಥ. ಬರೆಯುವುದು ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಕಡತ, ಆ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ತಲೆಬರಹ ಮೂರು ಪ್ರಶ್ನೆಗೆ ಉತ್ತರ ಕೊಡುತ್ತದೆ: ಒಳಗೋ ಹೊರಗೋ, ಎಲ್ಲಿ, ಯಾವ ಹೊತ್ತು. ಕತೆಯ ಸೊಗಸಿಗೆ ಇದರಲ್ಲಿ ಜಾಗವಿಲ್ಲ. ಸಹಾಯಕ ನಿರ್ದೇಶಕರು ಶೂಟಿಂಗ್ ದಿನಗಳನ್ನು ಲೆಕ್ಕ ಹಾಕುವುದು ಈ ಸಾಲುಗಳಿಂದಲೇ. ನಾಲ್ಕನೇ ದೃಶ್ಯದಲ್ಲಿ ‘ಹಿಟ್ಟಿನ ಮಿಲ್ಲು’, ಒಂಬತ್ತರಲ್ಲಿ ‘ಗಿರಣಿ’, ಹನ್ನೊಂದರಲ್ಲಿ ‘ಸಿದ್ದಪ್ಪನ ಅಂಗಡಿ’ ಎಂದು ಬರೆದರೆ ಒಂದೇ ಜಾಗ ಪಟ್ಟಿಯಲ್ಲಿ ಮೂರಾಗುತ್ತದೆ. ಒಮ್ಮೆ ಇಟ್ಟ ಹೆಸರನ್ನು ಕೊನೆಯವರೆಗೂ ಹಾಗೇ ಉಳಿಸಿ. ಹೊತ್ತಿಗೂ ಅದೇ ಮಾತು: ಬೆಳಿಗ್ಗೆ, ಸಂಜೆ, ರಾತ್ರಿ ಇಷ್ಟು ಸಾಕು. ‘ಗೋಧೂಳಿ’ ಎಂದು ಬರೆದರೆ ಛಾಯಾಗ್ರಾಹಕರಿಗೆ ದಿನಕ್ಕೆ ಕೆಲವೇ ನಿಮಿಷದ ಬೆಳಕು ಸಿಗುತ್ತದೆ. ನಿಜವಾಗಿ ಬೇಕಿದ್ದರೆ ಮಾತ್ರ ಆ ಪದ ಬರಲಿ. ಕೆಲವರು `INT.` `EXT.` ಎಂದೇ ಬರೆಯುತ್ತಾರೆ. ಶೂಟಿಂಗ್ ವೇಳಾಪಟ್ಟಿಯ ತಂತ್ರಾಂಶ ಬಳಸುವವರಿಗೆ ಅದು ಅನುಕೂಲ. ಐದಾರು ಜಾಗದ ಕಿರುಚಿತ್ರಕ್ಕೆ ಒಳಾಂಗಣ, ಹೊರಾಂಗಣವೇ ಸಾಕು ಎಂಬುದು ನನ್ನ ನಿಲುವು. ಲೈಟ್ ಹೊರುವ ಹುಡುಗನೂ ಓದುವಂತಿರಬೇಕು.

ಕ್ರಿಯೆಯ ಸಾಲುಗಳಿಗೆ ವರ್ತಮಾನ ಕಾಲ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಅಲ್ಲಿಗೆ ಬರಬೇಕು. ಕತೆ ಬರೆದು ಪಳಗಿದ ಕೈಗೆ ಇದು ಕಷ್ಟ. ‘ಮಗನ ಮೇಲೆ ಇಟ್ಟ ನಂಬಿಕೆ ಕುಸಿದು ರಂಗಮ್ಮ ಒಳಗೊಳಗೇ ನೊಂದಳು’ ಎಂಬ ವಾಕ್ಯವನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಸೆರಗಿನ ಗಂಟು ಬಿಚ್ಚುತ್ತಿದ್ದ ಕೈ ನಿಂತದ್ದನ್ನು ಹಿಡಿಯುತ್ತದೆ. ಬೀಸುವ ಕೂಲಿಗೆಂದು ಗಂಟಿನಲ್ಲಿ ದುಡ್ಡು ತಂದಿದ್ದಾಳೆ, ಬೀಸಲು ರಾಗಿಯೇ ಇಲ್ಲ ಎಂಬುದು ಆ ಒಂದು ಸಾಲಿನಲ್ಲೇ ಇದೆ.

ಇನ್ನೊಂದು ಎಚ್ಚರ ಕನ್ನಡಕ್ಕೇ ಸೇರಿದ್ದು. ನಮ್ಮ ಕ್ರಿಯಾಪದ ಕರ್ತೃವನ್ನು ಹೊತ್ತುಕೊಂಡೇ ಬರುವುದರಿಂದ ‘ಬಾಗಿಲಿಗೆ ಬರುತ್ತಾಳೆ’ ಎಂದು ಹೆಸರಿಲ್ಲದೆ ಬರೆದುಬಿಡುತ್ತೇವೆ. ದೃಶ್ಯದಲ್ಲಿ ರಂಗಮ್ಮನ ಜೊತೆ ಸೊಸೆಯೂ ಇದ್ದರೆ ಬಾಗಿಲಿಗೆ ಬಂದವರು ಯಾರು? ಕ್ರಿಯೆಯ ಸಾಲಿನಲ್ಲಿ ಹೆಸರು ಮತ್ತೆ ಮತ್ತೆ ಬಂದರೂ ಅಡ್ಡಿಯಿಲ್ಲ. ಮಾತನ್ನು ಮಾತ್ರ ಆಡುವ ಹಾಗೇ ಬರೆಯಿರಿ. ‘ಎತ್ತಿಕೊಂಡು ಹೋಗಿದ್ದು’ ಎಂದು ತಿದ್ದಿದರೆ ನಟರ ಬಾಯಲ್ಲಿ ಪಾಠದ ಪುಸ್ತಕ ಬರುತ್ತದೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಹಳೆಯ ಲೆಕ್ಕ ಕನ್ನಡಕ್ಕೆ ನೇರವಾಗಿ ಒಗ್ಗುವುದಿಲ್ಲ. ಅದು 12 ಪಾಯಿಂಟಿನ ಕೊರಿಯರ್ ಅಕ್ಷರಕ್ಕೆ ಹುಟ್ಟಿದ ಲೆಕ್ಕ. ಕೊರಿಯರ್‌ನಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಅಗಲ. ನಮ್ಮ ಅಕ್ಷರಗಳ ಅಗಲ ಒಂದೊಂದಕ್ಕೂ ಬೇರೆ, ಜೊತೆಗೆ ಒತ್ತಕ್ಷರಗಳು ಸಾಲಿನ ಎತ್ತರವನ್ನು ಹೆಚ್ಚಿಸುತ್ತವೆ. ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ, ಮೌನಗಳನ್ನೂ ಬಿಟ್ಟುಕೊಡದೆ ಓದಿ ಹೊತ್ತು ಅಳೆಯುವುದೇ ಸರಿಯಾದ ದಾರಿ. ಹತ್ತು ಪುಟ ಹದಿಮೂರು ನಿಮಿಷ ತೆಗೆದುಕೊಂಡರೆ ನಿಮ್ಮ ಬರಹದ ಲೆಕ್ಕ ಪುಟಕ್ಕೆ 1.3 ನಿಮಿಷ.

ಇನ್ನು ಇಂಗ್ಲಿಷ್ ಸಬ್‌ಟೈಟಲ್. ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ನಮ್ಮ ಭಾಷೆಯ ಚಿತ್ರ ಅಂಥ ಕಡೆ ಹೋದಾಗ ಅಲ್ಲಿನ ಹೆಚ್ಚಿನ ನೋಡುಗರಿಗೆ ಮಾತು ತಲುಪುವುದು ಪರದೆಯ ಕೆಳಗಿನ ಸಾಲುಗಳಿಂದಲೇ. ಆದರೂ ಎಷ್ಟೋ ತಂಡಗಳಲ್ಲಿ ಈ ಕೆಲಸ ಅರ್ಜಿಯ ಕೊನೆಯ ರಾತ್ರಿಗೆ ಉಳಿದುಬಿಡುತ್ತದೆ. ಅದನ್ನು ಚಿತ್ರಕಥೆಯ ಜೊತೆಗೇ ಶುರು ಮಾಡಬೇಕು. ಫೌಂಟನ್‌ನಲ್ಲಿ ಎರಡು ಚೌಕ ಆವರಣದೊಳಗೆ ಬರೆದ ಟಿಪ್ಪಣಿಯನ್ನು ಮುದ್ರಣದಲ್ಲಿ ಬಿಡಬಹುದು. ಪ್ರತಿ ಮಾತಿನ ಕೆಳಗೆ `[[EN: ...]]` ಎಂದು ಇಂಗ್ಲಿಷ್ ಕರಡನ್ನು ಇಟ್ಟರೆ ಎರಡೂ ಒಂದೇ ಕಡತದಲ್ಲಿರುತ್ತವೆ. ಕನ್ನಡ ಬದಲಾದ ದಿನವೇ ಇಂಗ್ಲಿಷೂ ಬದಲಾಗುತ್ತದೆ. ಕನ್ನಡದ ಮಾತು ‘ಅವರು’ ಎಂದಿದ್ದರೆ ಅದು ಒಬ್ಬರೋ ಹಲವರೋ, ಗಂಡಸೋ ಹೆಂಗಸೋ ಎಂಬುದನ್ನೂ ಅಲ್ಲೇ ಬರೆದಿಡಿ. ಅನುವಾದ ಮಾಡುವವರು ಬೇರೆಯವರಾದರೆ ಅವರಿಗೆ ಊಹಿಸುವ ಕಷ್ಟ ಇರುವುದಿಲ್ಲ.

ಸಿದ್ದಪ್ಪನ ಮಾತಿಗೆ ಬರೋಣ. ಅದರ ಸಲೀಸಾದ ಇಂಗ್ಲಿಷ್ ಹೀಗಾಗುತ್ತದೆ:

```
Your own son took it last evening, Amma.
```

ಖಾಲಿ ಜಾಗ ಸೇರಿ 40 ಅಕ್ಷರ. ನೆಟ್‌ಫ್ಲಿಕ್ಸ್ ಇಂಗ್ಲಿಷಿಗೆ ಇಟ್ಟಿರುವ ಸಾಲಿಗೆ 42 ಅಕ್ಷರದ ಮಿತಿಯೊಳಗೇ ಇದೆ. ವ್ಯಾಕರಣದಲ್ಲೂ ತಪ್ಪಿಲ್ಲ. ಆದರೂ ಇದು ದೃಶ್ಯವನ್ನು ಕೆಡಿಸುತ್ತದೆ. ಕನ್ನಡದಲ್ಲಿ ‘ಮಗನೇ’ ಎಂಬ ಮಾತು ಕೊನೆಯಲ್ಲಿ ಬರುತ್ತದೆ, ಬಂದ ಮೇಲೆ ರಂಗಮ್ಮನ ಕೈ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮಗ ಮೊದಲ ಪದಗಳಲ್ಲೇ ಬಂದುಬಿಟ್ಟ. ಸಿದ್ದಪ್ಪ ಇನ್ನೂ ‘ನಿನ್ನೆ ಸಾಯಂಕಾಲ’ ಎನ್ನುತ್ತಿರುವಾಗಲೇ ಹೊರಗಿನ ನೋಡುಗರಿಗೆ ಕಳ್ಳ ಯಾರೆಂದು ಗೊತ್ತು. ತಾಯಿಗೆ ಮಾತ್ರ ಗೊತ್ತಿಲ್ಲ. ಮಾತನ್ನು ಎರಡಾಗಿ ಒಡೆದು, ಎರಡನೆಯದನ್ನು ‘ನಿಮ್ಮ ಮಗನೇ’ ಎಂಬ ದನಿ ಶುರುವಾಗುವ ಕ್ಷಣಕ್ಕೆ ಇಟ್ಟರೆ ಸರಿಹೋಗುತ್ತದೆ:

```
41
00:04:12,300 --> 00:04:14,500
Siddappa, where's my sack of ragi?

42
00:04:15,000 --> 00:04:17,100
The one who took it last evening...

43
00:04:17,300 --> 00:04:19,100
was your own son, Amma.
```

ಇದು `.srt` ಕಡತದ ರೂಪ. ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತು, ಆಮೇಲೆ ಒಂದು ಖಾಲಿ ಸಾಲು. ಸೆಕೆಂಡಿನ ನಂತರ ಬರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಚುಕ್ಕಿ ಹಾಕಿದರೆ ಕೆಲವು ಪ್ಲೇಯರ್‌ಗಳು ಕಡತವನ್ನೇ ಓದುವುದಿಲ್ಲ. ಓದುವ ವೇಗಕ್ಕೆ ಸೆಕೆಂಡಿಗೆ 17 ಅಕ್ಷರ ಎಂಬ ಮಿತಿ ಇಟ್ಟುಕೊಂಡರೆ ನಿರಾಳ. 42ನೆಯದರಲ್ಲಿ 35 ಅಕ್ಷರ, 2.1 ಸೆಕೆಂಡು, ಭಾಗಿಸಿದರೆ 17ಕ್ಕೆ ತುಸು ಕಡಿಮೆ. ಮಿತಿ ದಾಟಿದರೆ ಪದ ಕಡಿಮೆ ಮಾಡಬೇಕು. ನೋಡುಗರ ಕಣ್ಣು ಅಕ್ಷರದಲ್ಲೇ ಸಿಕ್ಕಿಕೊಂಡರೆ ಆ ನಿಂತ ಕೈಯನ್ನು ನೋಡುವವರು ಯಾರು? ಅದಕ್ಕೇ 43ನೆಯದನ್ನು ಚಿಕ್ಕದಾಗಿ ಬಿಟ್ಟದ್ದು.

ಗೋಡೆಯ ಹಲಗೆಯನ್ನು ಮರೆಯಬೇಡಿ. ‘ಸಾಲ ಕೇಳಬೇಡಿ’ ಎಂಬುದೂ ನೋಡುಗರು ಓದಬೇಕಾದ ಕನ್ನಡವೇ. ಅದನ್ನು ಕ್ರಿಯೆಯ ಸಾಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಸಬ್‌ಟೈಟಲ್ ಮಾಡುವವರ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಇಂಥ ಬರಹವನ್ನು `NO CREDIT` ಎಂದು ದೊಡ್ಡಕ್ಷರದಲ್ಲಿ ಕೊಡುವುದು ರೂಢಿ. ಹಲಗೆಯೂ ಮಾತೂ ಒಂದೇ ಕ್ಷಣಕ್ಕೆ ಬಂದರೆ ಮಾತಿಗೇ ಮೊದಲ ಜಾಗ. ಹಾಗಾಗಬಾರದು ಎಂದಾದರೆ ರಂಗಮ್ಮ ಬಾಯಿ ತೆರೆಯುವ ಮುಂಚೆ ಹಲಗೆ ಕಾಣುವಂತೆ ದೃಶ್ಯವನ್ನೇ ಬರೆಯಬೇಕು. ಮೇಲಿನ ಪುಟದಲ್ಲಿ ಹಲಗೆ ಮೊದಲು ಬಂದಿರುವುದು ಅದಕ್ಕೇ.

ಹೊತ್ತಿನ ಅಂಕಿಗಳನ್ನು ಮಾತ್ರ ಎಡಿಟಿಂಗ್ ಪೂರ್ತಿ ಮುಗಿದು, ಇನ್ನೊಂದು ಫ್ರೇಮೂ ಕದಲುವುದಿಲ್ಲ ಎಂದಾದ ಮೇಲೆ ಹಾಕಬೇಕು. ಸೆಟ್ಟಿನಲ್ಲಿ ನಟರು ಮಾತು ಬದಲಿಸಿರುತ್ತಾರೆ, ಡಬ್ಬಿಂಗ್‌ನಲ್ಲಿ ಮತ್ತೆ ಬದಲಾಗಿರುತ್ತದೆ. ಆದ್ದರಿಂದ ಚಿತ್ರಕಥೆಯ ಕರಡನ್ನು ಕೈಯಲ್ಲಿ ಹಿಡಿದು ಅಂತಿಮ ಧ್ವನಿಯನ್ನು ಕೇಳುತ್ತ ಒಂದೊಂದೇ ಸಾಲನ್ನು ತಾಳೆ ನೋಡಬೇಕು.

ಹೊಂದಾಣಿಕೆ ತಪ್ಪಿದಾಗ ಅದು ತಪ್ಪಿರುವ ರೀತಿಯೇ ಕಾರಣವನ್ನು ಹೇಳುತ್ತದೆ. ಮೊದಲಿನಿಂದ ಕೊನೆಯವರೆಗೂ ಒಂದೇ ಅಂತರದಲ್ಲಿ ತಪ್ಪಿದ್ದರೆ, ಯಾರೋ ಆಮೇಲೆ ಮುಂದೆ ಒಂದು ಟೈಟಲ್ ಕಾರ್ಡ್ ಸೇರಿಸಿದ್ದಾರೆ. ಎಲ್ಲ ಸಾಲುಗಳನ್ನೂ ಅಷ್ಟು ಸೆಕೆಂಡು ಸರಿಸಿದರೆ ಆಯಿತು. ಆರಂಭದಲ್ಲಿ ಸರಿಯಾಗಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಫ್ರೇಮ್ ರೇಟ್ ಬೇರೆಯಾಗಿದೆ. ಸೆಕೆಂಡಿಗೆ 24 ಫ್ರೇಮಿನ 15 ನಿಮಿಷದ ಚಿತ್ರವನ್ನು 25ರಲ್ಲಿ ಓಡಿಸಿದರೆ ಅದು 36 ಸೆಕೆಂಡು ಮೊದಲೇ ಮುಗಿದುಹೋಗುತ್ತದೆ. ಆಗ ಸಾಲು ಸರಿಸಿ ಪ್ರಯೋಜನವಿಲ್ಲ, ಸಬ್‌ಟೈಟಲ್ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನೇ ಬದಲಿಸಬೇಕು. ನಡುವೆ ಒಂದು ಜಾಗದಿಂದ ಮಾತ್ರ ತಪ್ಪಲು ಶುರುವಾದರೆ ಆ ಜಾಗದಲ್ಲಿ ಎಡಿಟರ್ ಏನೋ ಕತ್ತರಿಸಿದ್ದಾರೆ; ಅವರಿಗೊಂದು ಫೋನ್ ಮಾಡಿ, ಎಷ್ಟು ಫ್ರೇಮ್ ತೆಗೆದರೆಂದು ಕೇಳಿ, ಅಲ್ಲಿಂದ ಮುಂದಿನ ಸಾಲುಗಳನ್ನಷ್ಟೇ ಹಿಂದಕ್ಕೆ ತನ್ನಿ.